ನಾಲ್ಕು ರೂಪಾಯಿ ಏರಿಸಿದ್ದಕ್ಕೆ ಗಿರಾಕಿ ಓಡಿಹೋದರಾ?

ದಾವಣಗೆರೆ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಸಣ್ಣ ಸ್ಟೇಷನರಿ ಅಂಗಡಿ. 2024ರ ಆಗಸ್ಟ್ 1ಕ್ಕೆ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಬೆಲೆಯನ್ನು 40ರಿಂದ 44 ರೂಪಾಯಿಗೆ ಏರಿಸಿದೆ. ಎಂಆರ್‌ಪಿ 50 ಇತ್ತು, ಅದನ್ನು ದಾಟುವ ಹಾಗಿಲ್ಲ. ಹಾಗಾಗಿ ಏರಿಸಿದ್ದು ಅಂದರೆ ಕೊಡುತ್ತಿದ್ದ ಡಿಸ್ಕೌಂಟ್ ಕಡಿಮೆ ಮಾಡಿದ್ದು, ಅಷ್ಟೇ.

ಸೆಪ್ಟೆಂಬರ್ ಮುಗಿದ ಮೇಲೆ ಅಪ್ಪ ಕಿರ್ದಿ ಪುಸ್ತಕ ತೆಗೆದರು. ಜೂನ್-ಜುಲೈನಲ್ಲಿ 1425 ಬುಕ್ಕು ಹೋಗಿತ್ತು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬರೀ 510. "ನೋಡಪ್ಪಾ, ನಾಲ್ಕು ರೂಪಾಯಿ ಆಸೆಗೆ ಗಿರಾಕೀನೆಲ್ಲಾ ಪಕ್ಕದ ಅಂಗಡಿಗೆ ಕಳಿಸಿದೆ" ಅಂದರು.

ಪಿಯುಸಿಯಲ್ಲಿ ಓದಿದ ಬೇಡಿಕೆಯ ಸ್ಥಿತಿಸ್ಥಾಪಕತ್ವ ನೆನಪಾಯಿತು. ಹೆಸರು ಹೆದರಿಸುತ್ತದೆ, ಲೆಕ್ಕ ಮಾತ್ರ ಸುಲಭ. ಮಾರಾಟ ನೂರಕ್ಕೆ ಎಷ್ಟು ಇಳಿಯಿತು ಅನ್ನುವುದನ್ನು ಬೆಲೆ ನೂರಕ್ಕೆ ಎಷ್ಟು ಏರಿತು ಅನ್ನುವುದರಿಂದ ಭಾಗಿಸಬೇಕು. ಅಪ್ಪನ ಪ್ರಕಾರ ಮಾರಾಟ 64% ಬಿದ್ದಿದೆ, ಬೆಲೆ ಏರಿದ್ದು 10%. ಅಂದರೆ 6.4, ಬೆಲೆ ನೂರಕ್ಕೆ ಒಂದು ಏರಿದರೆ ಮಾರಾಟ ನೂರಕ್ಕೆ 6.4 ಬೀಳುತ್ತದೆ ಅಂತ. ನೋಟ್‌ಬುಕ್ಕಿಗೆ ಇಷ್ಟು ಬಂದರೆ ಲೆಕ್ಕವನ್ನೇ ಅನುಮಾನಿಸಬೇಕು. ಜೂನ್‌ನಲ್ಲಿ ಶಾಲೆ ಶುರು, ಎಲ್ಲರೂ ಡಜನ್‌ಗಟ್ಟಲೆ ಒಯ್ಯುತ್ತಾರೆ. ಬೆಲೆ ಮುಟ್ಟದಿದ್ದರೂ ಆಗಸ್ಟ್‌ಗೆ ಬೀಳುವುದೇ.

ಹಾಗಾದರೆ ಹೋಲಿಸಬೇಕಾದ್ದು ಹಿಂದಿನ ವರ್ಷದ ಅದೇ ಎರಡು ತಿಂಗಳನ್ನು. 2023ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ 700 ಹೋಗಿತ್ತು. ಅದರಲ್ಲಿ 100 ಒಂದು ಟ್ಯೂಷನ್‌ನವರು ಒಂದೇ ಸಲ ಒಯ್ದಿದ್ದು. ಅಂಥ ಆರ್ಡರ್ ಪ್ರತಿವರ್ಷ ಬರುವುದಿಲ್ಲ, ಹಾಗಾಗಿ ತೆಗೆದೆ. ಉಳಿದದ್ದು 600. ಆಮೇಲೆ ಇನ್ನೊಂದು ವಿಷಯ. ಬೆಲೆ ಏರಿಸುವ ಮೊದಲೇ ವ್ಯಾಪಾರ ಸ್ವಲ್ಪ ಮಂದ ಇತ್ತು. 2023ರ ಜೂನ್-ಜುಲೈನಲ್ಲಿ 1500, 2024ರಲ್ಲಿ 1425. ಎರಡೂ 40 ರೂಪಾಯಿಗೇ ಮಾರಿದ್ದು, ಆದರೂ 5% ಕಡಿಮೆ. ಆ ಇಳಿತವನ್ನು ಬೆಲೆಯ ತಲೆಗೆ ಕಟ್ಟುವುದು ತಪ್ಪಲ್ವಾ? 600ರಲ್ಲಿ 5% ಕಳೆದೆ, 570 ಆಯಿತು. ಹಳೇ ಬೆಲೆಯೇ ಇದ್ದಿದ್ದರೆ ಹೆಚ್ಚುಕಡಿಮೆ ಇಷ್ಟು ಹೋಗುತ್ತಿತ್ತು.

ಹೋಗಿದ್ದು 510. ಕಳೆದುಕೊಂಡಿದ್ದು 60, ಅಂದರೆ 10.5%. ಅದನ್ನು ಬೆಲೆಯ 10%ರಿಂದ ಭಾಗಿಸಿದರೆ ಸುಮಾರು 1.05.

ಒಂದಕ್ಕಿಂತ ತುಸು ಜಾಸ್ತಿ ಅಂದರೆ ಗಲ್ಲಾಪೆಟ್ಟಿಗೆಗೆ ಬೀಳುವ ಒಟ್ಟು ಹಣ ತುಸು ಕಡಿಮೆ. ಮೊದಲಾದರೆ 22,800, ಈಗ 22,440. ಅಪ್ಪನ ಕಣ್ಣು ಯಾವತ್ತೂ ಗಲ್ಲಾಪೆಟ್ಟಿಗೆ ಮೇಲೆಯೇ, ಅದಕ್ಕೇ ಅವರಿಗೆ ನಷ್ಟ ಕಂಡಿತು. ಆದರೆ ಬುಕ್ಕಿನ ಅಸಲು 32. ಮೊದಲು ಒಂದಕ್ಕೆ 8 ರೂಪಾಯಿ ಉಳಿಯುತ್ತಿತ್ತು, ಈಗ 12. 570 ಬುಕ್ಕಿಗೆ 4,560 ಸಿಗುವಲ್ಲಿ 510ಕ್ಕೇ 6,120 ಸಿಕ್ಕಿದೆ. ಹಳೇ ಲಾಭ ಬರಬೇಕಾದರೆ 380 ಬುಕ್ಕು ಮಾರಿದರೂ ಸಾಕಿತ್ತು. ಅಂದರೆ ಮಾರಾಟ ಮೂರರಲ್ಲಿ ಒಂದು ಪಾಲು ಬೀಳುವವರೆಗೂ ಈ ಬುಕ್ಕಿನಲ್ಲಿ ನಷ್ಟ ಇಲ್ಲ.

1.05 ಅನ್ನುವುದನ್ನು ನಾನು ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಆ 5% ತಿದ್ದುಪಡಿ ಬಿಟ್ಟರೆ ಉತ್ತರ 1.5 ಆಗುತ್ತದೆ, 10% ತೆಗೆದುಕೊಂಡರೆ 0.6ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಅಂಗಡಿಯಲ್ಲಿ ನಾಲ್ಕು ಮನೆಯವರು ಊರಿಗೆ ಹೋದರೂ ಲೆಕ್ಕ ಅಲ್ಲಾಡುತ್ತದೆ. ನನಗೆ ಧೈರ್ಯ ಬಂದಿದ್ದು ಬೇರೆ ಕಾರಣಕ್ಕೆ. 1.5 ಅಂತಲೇ ಇಟ್ಟುಕೊಂಡರೂ ಮಾರಾಟ ಬೀಳುವುದು 15%. ನಷ್ಟ ಶುರುವಾಗುವುದು 33% ದಾಟಿದ ಮೇಲೆ.

ಕಳೆದುಕೊಂಡ ಆ 60 ಬುಕ್ಕಿನ ಗಿರಾಕಿ ಎಲ್ಲಿಗೆ ಹೋದರು ಅಂತ ನೂರು ಪುಟದ ಬುಕ್ಕಿನ ಲೆಕ್ಕವನ್ನೂ ತಿರುವಿದೆ. ಅದನ್ನೂ ಹೀಗೇ ತಿದ್ದಿ ನೋಡಿದರೆ 40 ಜಾಸ್ತಿ ಹೋಗಿದೆ. ಅಂದರೆ ಸುಮಾರು ಜನ ಅಂಗಡಿ ಬಿಟ್ಟಿಲ್ಲ, ಬುಕ್ಕು ಬದಲಾಯಿಸಿದ್ದಾರೆ. ನಿಜವಾಗಿ ಬಿಟ್ಟವರು ಪೆನ್ನು, ಜೆರಾಕ್ಸ್ ವ್ಯಾಪಾರವನ್ನೂ ಜೊತೆಗೇ ಒಯ್ದಿರುತ್ತಾರೆ. ಅದು ಈ ಲೆಕ್ಕದಲ್ಲಿ ಬರುವುದಿಲ್ಲ. ಅಪ್ಪನ ಆತಂಕದಲ್ಲಿ ಹುರುಳಿದ್ದರೆ ಅಲ್ಲಿ ಮಾತ್ರ. "ಇರ್ಲಿ ಬಿಡು, ಆದ್ರೆ ಪೆನ್ನಿನ ಬೆಲೆ ಮುಟ್ಟಬೇಡ" ಅಂದರು. ಮುಟ್ಟಿಲ್ಲ.

2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ಮೇಲಿನ 12% ಜಿಎಸ್‌ಟಿ ಸೊನ್ನೆಯಾದಾಗ ಭಾವ ಕೇಳಿದ, "ಬೆಲೆ 10% ಇಳಿದ್ರೆ ನಿನ್ನ ಲೆಕ್ಕದ ಪ್ರಕಾರ ಮಾರಾಟ 10% ಏರಬೇಕಲ್ಲಾ?" ಇಲ್ಲ. ನನ್ನ 1.05 ಬಂದಿದ್ದು ನಾನೊಬ್ಬನೇ ಬೆಲೆ ಏರಿಸಿ, ಪಕ್ಕದವರು ಸುಮ್ಮನಿದ್ದಾಗ. ಊರಿನಲ್ಲಿ ಎಲ್ಲರ ಬೆಲೆಯೂ ಒಟ್ಟಿಗೆ ಇಳಿದರೆ ಗಿರಾಕಿ ಯಾರನ್ನು ಬಿಟ್ಟು ನಮ್ಮಲ್ಲಿಗೆ ಬರಬೇಕು? ಬೆಲೆ ಇಳಿಯಿತು ಅಂತ ಮಕ್ಕಳೇನೂ ಎರಡು ಸಲ ಹೋಂವರ್ಕ್ ಬರೆಯುವುದಿಲ್ಲ. ಆ ತಾರೀಖಿನ ಕೆಳಗೆ ಕಿರ್ದಿಯಲ್ಲಿ ಕೆಂಪು ಗೆರೆ ಎಳೆದು, ಮುಂದಿನ ಲೆಕ್ಕವನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ.