ಸನ್ನದಿನ ದಿನಾಂಕವೇ ಇಲ್ಲದ ವಕೀಲರ ಪರಿಚಯ

ನಿನ್ನೆ ಸಂಜೆ ಹಳೆಯ ಕಕ್ಷಿದಾರರೊಬ್ಬರು ಚೇಂಬರಿಗೆ ಬಂದು ಮೊಬೈಲ್ ಮುಂದೆ ಚಾಚಿದರು. "ಸರ್, ಇವರು ಹೇಗೆ? ನಮ್ಮ ಅಕ್ಕನ ಪಾಲಿನ ಕೇಸಿಗೆ ಇವರನ್ನೇ ಹಿಡಿಯೋಣ ಅಂತಿದ್ದೀವಿ." ಅದೊಂದು ವಕೀಲರ ವೆಬ್‌ಸೈಟ್. ಕೋಟು, ಬ್ಯಾಂಡು, ಹಿಂದೆ ಪುಸ್ತಕದ ಕಪಾಟು. ಕೆಳಗೆ ದಪ್ಪಕ್ಷರದಲ್ಲಿ "ಆಸ್ತಿ ವ್ಯಾಜ್ಯಗಳಲ್ಲಿ ನಂಬರ್ ಒನ್", "ಹೈಕೋರ್ಟ್ ಅಡ್ವೊಕೇಟ್", "ಶೇಕಡಾ 98 ಯಶಸ್ಸು". ತುದಿಯವರೆಗೂ ಓದಿದೆ. ವಕೀಲಿ ಮಾಡಲು ಪರಿಷತ್ತು ಕೊಡುವ ಸನ್ನದು ಯಾವ ವರ್ಷದ್ದು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ಆ ವಕೀಲರು ಯಾರೋ ನನಗೆ ಗೊತ್ತಿಲ್ಲ. ಚೆನ್ನಾಗಿಯೇ ವಾದ ಮಾಡುತ್ತಿರಬಹುದು. ಸಿಟ್ಟು ಬಂದದ್ದು ಆ ಪುಟದ ಮೇಲೆ. ಮನೆಮಂದಿ ಕೂತು ಯೋಚಿಸಿ ವಕೀಲರನ್ನು ಹುಡುಕುವಾಗ ಏನು ತಿಳಿಯಬೇಕೋ ಅದೊಂದೂ ಅಲ್ಲಿಲ್ಲ. ತಿಳಿದರೂ ಪ್ರಯೋಜನವಿಲ್ಲದ್ದೆಲ್ಲ ಇದೆ. ಇಷ್ಟಕ್ಕೂ ಏನು ಬರೆಯಬಹುದು ಅನ್ನುವುದನ್ನು ನಮ್ಮ ಭಾರತೀಯ ವಕೀಲರ ಪರಿಷತ್ತು ಹದಿನೇಳು ಹದಿನೆಂಟು ವರ್ಷದ ಹಿಂದೆಯೇ ಹೇಳಿಬಿಟ್ಟಿದೆ.

ಪರಿಷತ್ತಿನ ನಿಯಮ 36 ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ನಿಯಮ. ವಕೀಲರು ನೇರವಾಗಿಯಾಗಲಿ, ಬಳಸಿಯಾಗಲಿ ಜಾಹೀರಾತು ಕೊಡುವಂತಿಲ್ಲ, ಕೆಲಸ ಕೇಳಿಕೊಂಡು ಹೋಗುವಂತಿಲ್ಲ, ದಲ್ಲಾಳಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನಡೆಸುತ್ತಿರುವ ಕೇಸಿನ ಸಂಬಂಧ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳುವಂತಿಲ್ಲ. ನಾಮಫಲಕ ಕೂಡ ಹದವಾದ ಅಳತೆಯಲ್ಲೇ ಇರಬೇಕು. 2008ರ ಮಾರ್ಚ್‌ನಲ್ಲಿ ಇದಕ್ಕೊಂದು ಸಡಿಲಿಕೆ ಸೇರಿತು. ವಕೀಲರು ವೆಬ್‌ಸೈಟ್‌ನಲ್ಲಿ ಮಾಹಿತಿ ಕೊಡಬಹುದು, ಆದರೆ ಅನುಸೂಚಿಯಲ್ಲಿ ಹೇಳಿದ್ದನ್ನು ಮಾತ್ರ, ಅದೂ ಪರಿಷತ್ತಿಗೆ ತಿಳಿಸಿ, ಅದರ ಒಪ್ಪಿಗೆಯಂತೆ. ಹೆಸರು. ವಿಳಾಸ, ಫೋನು, ಇಮೇಲ್. ಸನ್ನದಿನ ನೋಂದಣಿ ಸಂಖ್ಯೆ, ದಿನಾಂಕ, ಮೊದಲು ನೋಂದಾಯಿಸಿದ ರಾಜ್ಯ ಪರಿಷತ್ತು, ಈಗಿರುವ ಪರಿಷತ್ತು, ಸದಸ್ಯರಾಗಿರುವ ವಕೀಲರ ಸಂಘ. ಓದಿದ ಪದವಿಗಳು. ಕೊನೆಗೆ ಸಿವಿಲ್, ಕ್ರಿಮಿನಲ್, ತೆರಿಗೆ, ಕಾರ್ಮಿಕ ಅನ್ನುವ ಹಾಗೆ ಪ್ರಾಕ್ಟೀಸ್ ಮಾಡುವ ಕ್ಷೇತ್ರಗಳು. ಅಷ್ಟೇ. ಒಪ್ಪಿಗೆಯಾದದ್ದಕ್ಕಿಂತ ಒಂದು ಸಾಲು ಹೆಚ್ಚಾದರೂ ಅದು ನಿಯಮ 36ರ ಉಲ್ಲಂಘನೆ, 1961ರ ವಕೀಲರ ಕಾಯ್ದೆಯ ಕಲಂ 35ರಡಿ ದುರ್ನಡತೆಯ ಕ್ರಮಕ್ಕೆ ದಾರಿ ಅಂತ ಅಲ್ಲೇ ಬರೆದಿದೆ.

ಈ ಪಟ್ಟಿಯನ್ನು ನೋಡಿ ಮೂಗು ಮುರಿಯುವವರಿದ್ದಾರೆ. ನನಗಂತೂ ಇದು ಕಕ್ಷಿದಾರನ ಪರ ಯೋಚಿಸಿ ಮಾಡಿದ ಪಟ್ಟಿ ಅನಿಸುತ್ತದೆ. ಇದರಲ್ಲಿ ಬಹುಪಾಲು ಬೇರೆ ಕಡೆ ಹೋಗಿ ತಾಳೆ ನೋಡಬಹುದಾದದ್ದು. "ಶೇಕಡಾ 98"ನ್ನು ಎಲ್ಲಿ ತಾಳೆ ನೋಡುವುದು?

ಆ ಅಕ್ಕನ ಕೇಸನ್ನೇ ತೆಗೆದುಕೊಳ್ಳೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ತಂದೆ ಇದ್ದಾರೆ, ತಾಯಿ ಇಲ್ಲ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಪಿತ್ರಾರ್ಜಿತ ಜಮೀನು, ಪಿತ್ರಾರ್ಜಿತ ಮನೆ, ದೊಡ್ಡ ಮಗನ ಹೆಸರಲ್ಲಿ ಒಂದು ಸೈಟು. ಮೂರರಲ್ಲೂ ನಾಲ್ಕನೇ ಒಂದು ಪಾಲು ಬೇಕು ಅಂತ ಮಗಳು ದಾವೆ ಹಾಕುತ್ತಾಳೆ ಅಂದುಕೊಳ್ಳಿ. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿರುವುದರಿಂದ ಜಮೀನು, ಮನೆಯಲ್ಲಿ ಅವಳಿಗೆ ಪಾಲು ಸಿಗುತ್ತದೆ. ಸೈಟು ಅಣ್ಣನ ಸ್ವಯಾರ್ಜಿತ ಅಂತ ಸಾಬೀತಾಗಿ ಅಷ್ಟರ ಮಟ್ಟಿಗೆ ದಾವೆ ವಜಾ ಆಗುತ್ತದೆ. ದಾವೆ ಭಾಗಶಃ ಡಿಕ್ರಿ.

ಈಗ ಹೇಳಿ, ಗೆದ್ದವರು ಯಾರು? ಮಗಳ ವಕೀಲರು ಪಾಲು ಕೊಡಿಸಿದೆ ಅಂತ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಅಣ್ಣನ ವಕೀಲರು ಸೈಟು ಉಳಿಸಿಕೊಟ್ಟೆ ಅಂತ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಒಂದೇ ತೀರ್ಪಿನಲ್ಲಿ ಇಬ್ಬರಿಗೂ ನೂರಕ್ಕೆ ನೂರು ಯಶಸ್ಸು, ಇಬ್ಬರದೂ ಸುಳ್ಳಲ್ಲ. ಅಷ್ಟಾದರೂ ಮಗಳ ಕೈಗೆ ಒಂದು ಗುಂಟೆ ಬಂದಿಲ್ಲ. ಬಂದಿರುವುದು ಪಾಲೆಷ್ಟು ಅಂತ ಘೋಷಿಸುವ ಪ್ರಾಥಮಿಕ ಡಿಕ್ರಿ ಮಾತ್ರ. ಇನ್ನು ಅಂತಿಮ ಡಿಕ್ರಿಗೆ ನಡೆಯಬೇಕು. ಮನೆಗೆ ಕೋರ್ಟ್ ಕಮಿಷನರ್ ಬಂದು ಅಳೆಯಬೇಕು. ಕಂದಾಯದ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 54ರಂತೆ ಕಂದಾಯ ಇಲಾಖೆಯವರು ಭಾಗ ಮಾಡಿಕೊಡಬೇಕು. ನಡುವೆ ಮೇಲ್ಮನವಿ ಬಂದರೆ ಇನ್ನಷ್ಟು ವರ್ಷ. ಇದರಲ್ಲಿ ಯಾವ ಹಂತವನ್ನು "ಯಶಸ್ಸು" ಅಂತ ಎಣಿಸಿ ಆ 98 ಬಂತು? ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಯಾರೂ ಎಣಿಸಿಯೇ ಇರುವುದಿಲ್ಲ. ಇದನ್ನು ನಂಬಿ ಒಬ್ಬ ಹೆಣ್ಣುಮಗಳು ಒಡವೆ ಅಡವಿಟ್ಟು ಫೀಸು ಕಟ್ಟುತ್ತಾಳೆ. ನನ್ನ ಸಂಕಟ ಅದು.

"ಹೈಕೋರ್ಟ್ ಅಡ್ವೊಕೇಟ್" ಅನ್ನುವುದೂ ಅಷ್ಟೇ. ವಕೀಲರ ಕಾಯ್ದೆಯ ಕಲಂ 30 ಜಾರಿಗೆ ಬಂದದ್ದು 2011ರಲ್ಲಿ. ಅದರ ಪ್ರಕಾರ ರಾಜ್ಯದ ಪಟ್ಟಿಯಲ್ಲಿ ಹೆಸರಿರುವ ಯಾವ ವಕೀಲರೂ ದೇಶದ ಯಾವ ನ್ಯಾಯಾಲಯದಲ್ಲೂ ಹಾಜರಾಗಬಹುದು. ಹೈಕೋರ್ಟಿಗೆ ಅಂತ ಬೇರೆ ಸನ್ನದು ಇಲ್ಲ. ವಾರಕ್ಕೆ ನಾಲ್ಕು ದಿನ ಹೈಕೋರ್ಟಿನಲ್ಲಿ ಮೇಲ್ಮನವಿ ನಡೆಸುವವರೂ ಹಾಗೆ ಹಾಕಿಕೊಳ್ಳುತ್ತಾರೆ, ಒಮ್ಮೆ ರಿಟ್ ಅರ್ಜಿ ಹಾಕಿ ಬಂದವರೂ ಹಾಕಿಕೊಳ್ಳುತ್ತಾರೆ. ಓದುವವರಿಗೆ ಮಾತ್ರ ಇವರು ತಾಲ್ಲೂಕು ಕೋರ್ಟಿನ ವಕೀಲರಿಗಿಂತ ಮೇಲು ಅನಿಸುತ್ತದೆ. ಪಾಲಿನ ದಾವೆ ನಡೆಯುವುದು ಸಿವಿಲ್ ನ್ಯಾಯಾಧೀಶರ ಮುಂದೆ. ಅಲ್ಲಿ ಬೇಕಾದದ್ದು ಸಾಕ್ಷಿಗೆ ಪಾಟೀಸವಾಲು ಮಾಡಿ ಪಳಗಿದವರು, ಪಹಣಿ, ಮ್ಯುಟೇಷನ್ ಓದಲು ಬರುವವರು. ಸುಪ್ರೀಂ ಕೋರ್ಟಿನ "ಅಡ್ವೊಕೇಟ್ ಆನ್ ರೆಕಾರ್ಡ್" ಬೇರೆ ಮಾತು, ಅದಕ್ಕೆ ಪರೀಕ್ಷೆ ಪಾಸಾಗಬೇಕು. ಕಲಂ 16ರ ಪ್ರಕಾರ ಕೋರ್ಟೇ ಪದನಾಮ ಕೊಡುವ "ಹಿರಿಯ ವಕೀಲರು" ಕೂಡ ಬೇರೆ ಮಾತು.

ಹಾಗಾದರೆ ಕೋರ್ಟಿನ ಅನುಭವ ತಿಳಿಯುವುದು ಹೇಗೆ? ಅದೇ ಬೋಳು ಪಟ್ಟಿಯಿಂದ. ಸನ್ನದಿನ ದಿನಾಂಕ ಕಂಡರೆ ಎಷ್ಟು ವರ್ಷವಾಯಿತು ಅಂತ ಗೊತ್ತಾಯಿತು. ಯಾವ ವಕೀಲರ ಸಂಘ ಅಂತ ಕಂಡರೆ ದಿನಾ ಯಾವ ಕೋರ್ಟಿಗೆ ಹೋಗುತ್ತಾರೆ ಅಂತ ಹೆಚ್ಚುಕಡಿಮೆ ಗೊತ್ತಾಯಿತು. ನೋಂದಣಿ ಸಂಖ್ಯೆ ಸಿಕ್ಕರೆ ಇನ್ನೂ ಒಂದು ಹೆಜ್ಜೆ ಇಡಬಹುದು. ಇ-ಕೋರ್ಟ್ಸ್ ಜಾಲತಾಣ services.ecourts.gov.in ತೆರೆದು Case Status ಒಳಗೆ Advocate ಅನ್ನುವುದನ್ನು ಒತ್ತಿ, ಜಿಲ್ಲೆ, ಕೋರ್ಟ್ ಸಮುಚ್ಚಯ ಆರಿಸಿ ಹುಡುಕಿದರೆ ಆ ವಕೀಲರ ಹೆಸರಲ್ಲಿ ನಡೆಯುತ್ತಿರುವ, ಮುಗಿದ ಪ್ರಕರಣಗಳ ಪಟ್ಟಿ ಬರುತ್ತದೆ. ಬರೀ ಹೆಸರು ಹಾಕಿದರೆ ಅದೇ ಹೆಸರಿನ ಇನ್ನೊಬ್ಬರ ಕೇಸುಗಳೂ ಸೇರಿಕೊಳ್ಳುತ್ತವೆ, ಸಂಖ್ಯೆ ಬೇಕಾಗುವುದು ಅದಕ್ಕೇ. ಪಟ್ಟಿಯಲ್ಲಿ ಒ.ಎಸ್. ಅಂತ ಕಂಡರೆ ಸಿವಿಲ್ ಅಸಲು ದಾವೆ, ಎಂ.ವಿ.ಸಿ. ಅಂದರೆ ಮೋಟಾರು ಅಪಘಾತದ ಪರಿಹಾರ. ಆಸ್ತಿ ವ್ಯಾಜ್ಯದವರು ಅನ್ನುವವರ ಪಟ್ಟಿ ತುಂಬ ಎಂ.ವಿ.ಸಿ. ಇದ್ದರೆ ಆಗ ಕೇಳಿ. ಪುಟದಲ್ಲಿ ಸಂಖ್ಯೆಯೇ ಇಲ್ಲದಿದ್ದರೆ ಈ ದಾರಿಯೇ ಮುಚ್ಚಿಹೋಗುತ್ತದೆ.

ಇಷ್ಟು ಬರೆಯುವಾಗ ವಕೀಲ ಸ್ನೇಹಿತರು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ಜಾಹೀರಾತು ಕೂಡ ವಾಕ್ ಸ್ವಾತಂತ್ರ್ಯದ ಭಾಗ ಅಂತ 1995ರಲ್ಲಿ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಪ್ಪ ವಕೀಲರಲ್ಲದ, ಊರಲ್ಲಿ ಗುರುತಿಲ್ಲದ ಹುಡುಗ ಹುಡುಗಿಯರು ಮುಂದೆ ಬರುವುದು ಹೇಗೆ, ಅಂತ. ನಾನೂ ಅಂಥ ಮನೆಯಿಂದಲೇ ಬಂದವನು, ನಿಮಗೆ ಗೊತ್ತು. ಮೊದಲ ವರ್ಷಗಳಲ್ಲಿ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು, ಯಾರದೋ ಮಗ ಅನ್ನುವ ಕಾರಣಕ್ಕೆ ಫೈಲು ಸಿಗುವವರನ್ನು ನೋಡಿ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಾಹೀರಾತಿಗೆ ಬಾಗಿಲು ತೆರೆದರೆ ಒಳಗೆ ಬರುವವರು ಆ ಹಿಂದಿನ ಬೆಂಚಿನವರಲ್ಲ. ಹುಡುಕಿದಾಗ ಮೊದಲು ಕಾಣುವ ಜಾಗಕ್ಕೆ ದುಡ್ಡು ಸುರಿಯಬಲ್ಲವರು. ವಕೀಲರಿಗೆ ರೇಟಿಂಗ್ ಕೊಟ್ಟು ಬೆಲೆ ಹಚ್ಚುತ್ತಿದ್ದ ಆನ್‌ಲೈನ್ ತಾಣಗಳ ವಿಷಯದಲ್ಲಿ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅಷ್ಟು ಕಟುವಾಗಿ ಮಾತಾಡಿದ್ದು ಸುಮ್ಮನೆ ಅಲ್ಲ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ನಾಮಫಲಕದ ಮೇಲೆ ಇಂಥ ಕೆಲಸದಲ್ಲಿ ಪರಿಣತ ಅಂತ ಹಾಕಬಾರದು, ವೆಬ್‌ಸೈಟಿನಲ್ಲಿ ಕ್ಷೇತ್ರ ಯಾವುದು ಅಂತ ಹೇಳಬಹುದು. ಎರಡರ ನಡುವಿನ ಗೆರೆ ತೆಳುವಾಗಿದೆ, ಅದನ್ನು ಪರಿಷತ್ತು ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ "ಸಿವಿಲ್" ಅಂದರೆ ಕ್ಷೇತ್ರ, "ಸಿವಿಲ್ ತಜ್ಞ" ಅಂದರೆ ಹೊಗಳಿಕೆ ಅಂತ ನಾನು ಗೆರೆ ಎಳೆದುಕೊಂಡಿದ್ದೇನೆ.

ಆ ಕಕ್ಷಿದಾರರು ಹೋದ ಮೇಲೆ ನನ್ನ ಜೂನಿಯರ್ ತಾನು ಬರೆದಿಟ್ಟಿದ್ದ ಪರಿಚಯ ತಂದಳು. ಇಬ್ಬರೂ ಕೂತು ತಿದ್ದಿದೆವು. "ಅನುಭವಿ, ನುರಿತ" ಹೋಯಿತು. "ಹಲವು ಪ್ರತಿಷ್ಠಿತ ಪ್ರಕರಣಗಳು" ಹೋಯಿತು. "ಮೊದಲ ಭೇಟಿ ಉಚಿತ" ಅನ್ನುವುದು ಕರೆದು ಕೂರಿಸುವ ಮಾತು, ಅದೂ ಹೋಯಿತು. ಸನ್ನದಿನ ಸಂಖ್ಯೆ, ದಿನಾಂಕ ಮೇಲಕ್ಕೆ ಬಂದವು. ಕ್ಷೇತ್ರ: ಸಿವಿಲ್, ಕೌಟುಂಬಿಕ. ಕೊನೆಗೊಂದು ಸಾಲು ಉಳಿಯಿತು, ಆರು ವರ್ಷ ನನ್ನ ಚೇಂಬರಿನಲ್ಲಿ ಕೆಲಸ ಮಾಡಿದ್ದು. "ಸರ್, ವಕಾಲತ್ತೆಲ್ಲ ನಿಮ್ಮ ಹೆಸರಲ್ಲೇ ಹಾಕಿದ್ದು. ಇ-ಕೋರ್ಟ್ಸ್‌ನಲ್ಲಿ ಹುಡುಕಿದರೆ ನಾನು ಎಲ್ಲೂ ಕಾಣಲ್ಲ. ಇದನ್ನೂ ತೆಗೆದರೆ ನನ್ನ ಆರು ವರ್ಷ ಎಲ್ಲಿ ಸರ್?"

ಅವಳು ಹೇಳಿದ್ದು ನಿಜ. ಪಾಟೀಸವಾಲಿನ ಪ್ರಶ್ನೆಗಳನ್ನು ರಾತ್ರಿ ಕೂತು ಬರೆದವಳು ಅವಳು, ದಾಖಲೆಯಲ್ಲಿರುವುದು ನನ್ನ ಹೆಸರು. ಆದರೂ ಆ ಸಾಲು ಅನುಸೂಚಿಯಲ್ಲಿ ಇಲ್ಲ. "ತೆಗಿಯಮ್ಮ" ಅಂದೆ. ತೆಗೆದಳು. ಈ ಸೋಮವಾರದಿಂದ ನಮ್ಮ ಚೇಂಬರಿನ ಪ್ರತಿ ವಕಾಲತ್ತಿನಲ್ಲೂ ನನ್ನ ಹೆಸರಿನ ಜೊತೆಗೆ ಅವಳ ಹೆಸರು, ಅವಳ ನೋಂದಣಿ ಸಂಖ್ಯೆ, ಅವಳ ಸಹಿ ಇರುತ್ತದೆ. ಜೂನಿಯರ್‌ಗಳನ್ನು ಇಟ್ಟುಕೊಂಡಿರುವ ಸ್ನೇಹಿತರೇ, ನೀವೂ ಹಾಗೆ ಮಾಡಿ.