ಸೈಲೆಂಟಲ್ಲಿದ್ದರೂ ಒದರುವ ಫೋನ್ ಮೇಲೆ ಸಿಟ್ಟು ಯಾಕ್ರೀ?

ಈಗಷ್ಟೇ ಸೂಪರ್ ಮಾರ್ಕೆಟ್ ಕಡೆಯಿಂದ ಬಂದೆ. ತಲೆ ಇನ್ನೂ ಬಿಸಿ ಇದೆ, ಕಲಬುರಗಿ ಬಿಸಿಲಿಗಲ್ಲ. ಫೋನಿಗೆ ಗ್ಲಾಸ್ ಹಾಕಿಸಲು ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗ ಬಂದವರ ಫೋನನ್ನೆಲ್ಲ ಇಸ್ಕೊಂಡು, ಅಪಾಯದ ಹೊತ್ತಲ್ಲಿ ಸರ್ಕಾರ ಕಳಿಸುವ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಿ ಕೊಡ್ತಿದ್ದ. ಫ್ರೀ ಸೇವೆಯಂತೆ! "ಸೈಲೆಂಟ್ ಇಟ್ರೂ ಒದರ್ತದ್ರೀ ಅದು, ಬ್ಯಾಡ ತಗೀರಿ" ಅಂತ ಉಪದೇಶ ಬೇರೆ. ನನ್ನ ಎದುರಿಗೇ ಅಫಜಲಪುರ ಕಡೆಯ ಕಾಕಾ ಒಬ್ಬರ ಫೋನಲ್ಲೂ ಬಟನ್ ಒತ್ತಿಬಿಟ್ಟ. ಕಾಕಾನ ಹೊಲ ಇರೋದು ಭೀಮಾ ದಂಡೆಗೆ!

ಟವರ್ ಕೆಲಸದಲ್ಲಿ ನನ್ನ ಅರ್ಧ ಕೂದಲು ಹೋಗಿದ್ದು ನಿಮಗೆಲ್ಲ ಗೊತ್ತು. ಹಾಗಾಗಿ ಸುಮ್ನಿರಲು ಆಗಲಿಲ್ಲ. "ಇದು ಎಸ್ಸೆಮ್ಮೆಸ್ ಅಲ್ಲಪ್ಪಾ" ಅಂದೆ. "ಎಲ್ಲಾ ಒಂದೇ ಬಿಡ್ರೀ ಅಣ್ಣಾ" ಅಂದ. ಅಲ್ಲಿಂದ ಶುರುವಾಯ್ತು.

ಒಂದೇ ಅಲ್ಲ. ಎಸ್ಸೆಮ್ಮೆಸ್ ಹೋಗೋದು ನಂಬರಿಗೆ. ಕಂಪನಿಯ ಸರ್ವರ್ ಮೊದಲು ಆ ನಂಬರ್ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಅಲ್ಲಿನ ಟವರ್ ಮೂಲಕ ಆ ಫೋನನ್ನು ಕರೆದು ತಲುಪಿಸಬೇಕು. ಹತ್ತು ಸಾವಿರ ಜನರಿದ್ದರೆ ಹತ್ತು ಸಾವಿರ ಸಲ ಇದೇ ಕೆಲಸ. ಈ ಅಲರ್ಟ್ ಬರೋದು ಸೆಲ್ ಬ್ರಾಡ್‌ಕಾಸ್ಟಲ್ಲಿ, ಅದು ಅಂದ್ರೆ ಡಂಗುರ. ಟವರ್ ಒಂದೇ ಸಂದೇಶವನ್ನು ಗಾಳಿಗೆ ಬಿಡುತ್ತೆ, ಆ ಟವರ್ ಹಿಡಿದ ಫೋನುಗಳೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ. ಅದಕ್ಕೆ ನಂಬರ್ ಪಟ್ಟಿಯೇ ಬೇಡ.

ರಾತ್ರಿ ಎರಡು ಗಂಟೆ ಅಂತ ಇಟ್ಕೊಳ್ಳಿ. ಮೇಲಿಂದ, ಮಹಾರಾಷ್ಟ್ರದ ಉಜನಿ ಕಡೆಯಿಂದ ಜಾಸ್ತಿ ನೀರು ಬಂದಿದೆ, ಸೊನ್ನ ಬ್ಯಾರೇಜ್ ಗೇಟ್ ತೆಗೆದಿದ್ದಾರೆ. 2020ರ ಅಕ್ಟೋಬರಲ್ಲಿ ಭೀಮಾ ಏನು ಮಾಡಿತು ಅಂತ ದಂಡೆಯ ಊರವರಿಗೆ ಹೇಳಿಕೊಡಬೇಕಿಲ್ಲ. ಅಂಥ ಹೊತ್ತಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಫೋನ್ ಹಚ್ಚುತ್ತಾರೆ, ಟವರ್ ಜಾಮ್ ಆಗುತ್ತೆ. ಎಸ್ಸೆಮ್ಮೆಸ್‌ಗಳು ಆ ಜಾಮಲ್ಲೇ ಸರದಿ ನಿಲ್ಲಬೇಕು. ಸಿಗ್ನಲ್ ಇಲ್ಲದ ಫೋನಿಗೆ ಬಂದದ್ದನ್ನು ಸರ್ವರ್ ಇಟ್ಟುಕೊಂಡು ಆಮೇಲೆ ಕಳಿಸುತ್ತೆ. ಮನೆಯ ಎಮ್ಮೆ ತೇಲಿ ಹೋದ ಮೇಲೆ ಬೆಳಗ್ಗೆ "ಎಚ್ಚರದಿಂದಿರಿ" ಅಂತ ಬರುತ್ತೆ! ಬ್ರಾಡ್‌ಕಾಸ್ಟಿಗೆ ಈ ಸರದಿ ಇಲ್ಲ. ಕರೆಗಳ ನೂಕುನುಗ್ಗಲು ಎಷ್ಟಿದ್ದರೂ ಅದರ ದಾರಿ ಬೇರೆ. ಟವರ್ ಅದನ್ನೇ ಆಗಾಗ ಮತ್ತೆ ಬಿಡುತ್ತಿರುತ್ತೆ. ಹಾಗಾಗಿ ಆಮೇಲೆ ಬಸ್ಸಲ್ಲಿ ಆ ಊರಿಗೆ ಬಂದವನಿಗೂ ಸಿಗುತ್ತೆ. ಒಮ್ಮೆ ತೋರಿಸಿದ ಫೋನು ಸಂದೇಶದ ಗುರುತಿನ ನಂಬರ್ ನೆನಪಿಟ್ಟು ಮತ್ತೆ ಒದರಲ್ಲ.

ಈಗ ಸೈಲೆಂಟ್ ವಿಷಯ. ಪ್ರತಿ ಬ್ರಾಡ್‌ಕಾಸ್ಟ್ ಸಂದೇಶದ ತಲೆಯಲ್ಲಿ ಅದು ಯಾವ ಮಟ್ಟದ್ದು ಅನ್ನೋ ಸಂಖ್ಯೆ ಇರುತ್ತೆ. ಅಂತರರಾಷ್ಟ್ರೀಯ ನಿಯಮದಲ್ಲಿ 4370 ಅಂದ್ರೆ ಎಲ್ಲಕ್ಕಿಂತ ಮೇಲಿನದು. ಅದನ್ನು ನೋಡಿದ ಕೂಡಲೇ ನಿಮ್ಮ ಫೋನೇ ಸೈಲೆಂಟನ್ನು ಬದಿಗಿಟ್ಟು ಸದ್ದು ಮಾಡುತ್ತೆ. ಹೊರಗಿನವರು ಯಾರೂ ಒಳಗೆ ನುಗ್ಗಿರಲ್ಲ. ಎಸ್ಸೆಮ್ಮೆಸ್‌ಗೆ ಇಂಥ ದರ್ಜೆ ಕೊಟ್ಟಿದ್ದರೆ ಏನಾಗುತ್ತಿತ್ತು? ಲೋನ್ ಕೊಡ್ತೀವಿ ಅನ್ನೋರು ನಡುರಾತ್ರಿ ಸೈರನ್ ಊದುತ್ತಿದ್ದರು. ಬ್ರಾಡ್‌ಕಾಸ್ಟ್ ಹೋಗೋದು ಕಂಪನಿಯ ಒಳಗಿನ ಬೇರೆಯದೇ ಸೆಂಟರಿನಿಂದ. ಸಿಮ್ ಕೊಂಡು ಯಾರೂ ಕಳಿಸೋಕಾಗಲ್ಲ.

"ಸರ್ಕಾರ ನಮ್ಮನ್ನ ನೋಡ್ಲಕತ್ತದ" ಅಂತ ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಜಾಣ. ಯಪ್ಪಾ, ಡಂಗುರ ಹೊಡೆದವನಿಗೆ ಯಾರು ಕೇಳಿದರು ಅಂತ ಗೊತ್ತಿರುತ್ತಾ? ಸಂದೇಶ ತಲುಪಿದೆ ಅನ್ನೋ ಉತ್ತರವೂ ಫೋನಿಂದ ಟವರಿಗೆ ವಾಪಸ್ ಹೋಗಲ್ಲ. ನಂಬರ್ ಹುಡುಕೋದು ಎಸ್ಸೆಮ್ಮೆಸ್ಸೇ! ಕೇಳಿದ್ದಕ್ಕೆಲ್ಲ ಲೊಕೇಶನ್ ಪರ್ಮಿಷನ್ ಕೊಟ್ಟವರು ಇದಕ್ಕೆ ಹೆದರುತ್ತಾರೆ.

ಒಂದು ಮಾತು ಒಪ್ಪುತ್ತೇನೆ. ಆ ಸದ್ದು ಕೆಟ್ಟದ್ದು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷೆ ಮಾಡಿದರಲ್ಲ, ನನ್ನ ಎದೆಯೂ ಝಲ್ ಅಂದಿತ್ತು. ಎಲ್ಲದಕ್ಕೂ ಹೀಗೆ ಒದರಿಸಿದರೆ ಜನ ಬೇಸತ್ತು ಆಫ್ ಮಾಡೋದು ಖರೆ. ಆದರೆ ಕಳಿಸುವವರಿಗೆ ಹೇಳಬೇಕಾದ ಮಾತು ಅದು. ದಂಡೆಯವನ ಫೋನಲ್ಲಿ ಬಟನ್ ಒತ್ತೋದು ಅದಕ್ಕೆ ಉತ್ತರ ಅಲ್ಲ.

ನಮ್ಮ ಕಡೆ ನಿಜವಾದ ತೊಡಕು ಬೇರೆ ಇದೆ. ಟವರ್ ಹಿಡಿದರೆ ತಾನೇ ಡಂಗುರ ಕೇಳೋದು? ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ಇಲ್ಲ ಅಂದ್ರೆ ಎಲ್ಲಾ ಬಂದ್. ಏರೋಪ್ಲೇನ್ ಮೋಡಲ್ಲಿ ಮಲಗಿದ ಫೋನಿಗೂ ಬರಲ್ಲ. ಗಡಿ ಊರಲ್ಲಿ ಫೋನು ಆಚೆ ರಾಜ್ಯದ ಟವರ್ ಹಿಡಿದಿದ್ದರೆ ಈಚೆಯದು ತಪ್ಪಿಹೋಗಬಹುದು. ಬೈಯೋದಾದರೆ ಡೀಸೆಲ್ ಬಗ್ಗೆ ಬೈಯಿರಿ, ನಾನೂ ಬರ್ತೀನಿ.

ಅಂಗಡಿ ಹುಡುಗ ಕೊನೆಗೂ ಒಪ್ಪಲಿಲ್ಲ. ಕಾಕಾನ ಫೋನ್ ನಾನೇ ಇಸ್ಕೊಂಡು ಆನ್ ಮಾಡಿದೆ. ನಿಮ್ಮದೂ ನೋಡ್ಕೊಳ್ಳಿ. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್ ತೆಗೆದು Wireless emergency alerts ಅಂತ ಹುಡುಕಿದರೆ ಸಿಗುತ್ತೆ. ಟೆಸ್ಟ್ ಅಲರ್ಟ್ ಬೇಕಾದ್ರೆ ಆಫ್ ಇಡಿ, ನನ್ನ ತಕರಾರಿಲ್ಲ. ಉಳಿದದ್ದು ಮುಟ್ಟಬೇಡಿ.