ನೋಟು ಬಂತು, 'ಎಲ್ಲ ಹಾಗೇ ಮಾಡ್ತೇವೆ' ಅಂದರೆ ಸಾಕೇ?

ನಾಟಕ ತಂಡ ಒಂದು ಊರಿಗೆ ಬರುವ ಮುಂಚೆ ಅಲ್ಲಿನ ಸಭಾಂಗಣಕ್ಕೆ ಒಂದು ನೋಟು ಕಳಿಸುತ್ತದೆ. ಎಷ್ಟು ಮೈಕು, ಎಲ್ಲಿ ಲೈಟು, ಕರೆಂಟು ಎಷ್ಟು ಹೊತ್ತಿಗೆ ಬೇಕು, ಜನರೇಟರ್ ಎಲ್ಲಿ ನಿಲ್ಲಬೇಕು, ಎಲ್ಲವೂ ಒಂದೇ ಹಾಳೆಯಲ್ಲಿ. ಅದಕ್ಕೆ ಸಭಾಂಗಣದವರು ಹೇಗೆ ಉತ್ತರಿಸಬೇಕು?

ಪರ: ಎರಡು ಸಾಲು ಸಾಕು

ನಾನು ಸಭಾಂಗಣದ ಕಡೆಯವನು. ಸೌಂಡು, ಲೈಟು ಎರಡೂ ನನ್ನ ತಲೆಯ ಮೇಲೇ ಇರುತ್ತವೆ. ನೋಟು ಬಂದ ದಿನವೇ ಓದುತ್ತೇನೆ, ಹೀಗೆ ಬರೆಯುತ್ತೇನೆ: "ನಿಮ್ಮ 12ನೇ ತಾರೀಖಿನ ನೋಟು ಓದಿದೆ. ಅದರಲ್ಲಿರುವಂತೆಯೇ ಸಜ್ಜು ಮಾಡುತ್ತೇವೆ. ಜನರೇಟರ್ ನಿಲ್ಲಿಸುವ ಜಾಗ ಮಾತ್ರ ನಾಳೆ ನೋಡಿ ಹೇಳುತ್ತೇನೆ." ಅಷ್ಟೇ.

ಹಿಂದೆ ನಾನೂ ಪ್ರತಿಯೊಂದನ್ನೂ ತಿರುಗಿ ಬರೆಯುತ್ತಿದ್ದೆ. ಒಮ್ಮೆ ನೋಟಿನಲ್ಲಿ ಮೇಲಿಂದ ತೂಗುಬಿಡುವ ಮೈಕು ನಾಲ್ಕು ಎಂದಿತ್ತು, ನಾನು ಅವಸರದಲ್ಲಿ ಮೂರು ಎಂದು ಬರೆದೆ. ತಂಡದವರು ನನ್ನ ಉದ್ದದ ಉತ್ತರವನ್ನು ಪೂರ್ತಿ ಓದಲಿಲ್ಲ. ಪಾಪ, ಯಾರು ಓದುತ್ತಾರೆ ಹೇಳಿ? ಇತ್ತ ನಮ್ಮ ಹುಡುಗ ಮೂಲ ನೋಟು ಬಿಟ್ಟು ನನ್ನ ಪಟ್ಟಿಯನ್ನೇ ನೋಡಿ ತಂತಿ ಎಳೆದ. ರಂಗದ ಎಡಮೂಲೆಯಲ್ಲಿ ನಿಂತವರ ಮಾತು ಹಿಂದಿನ ಸಾಲಿಗೆ ಕೇಳಲೇ ಇಲ್ಲ. ಒಂದೇ ಕೆಲಸಕ್ಕೆ ಎರಡು ಪಟ್ಟಿ ಆದರೆ ಹೀಗೇ ಆಗುವುದು. ಆಮೇಲೆ ಯಾವುದು ಸರಿ ಎಂಬ ಜಗಳ ಬೇರೆ.

ಹಾಗಂತ ಬರೀ 'ಓಕೆ ಸರ್' ಅಂದರೂ ಆಗುವುದಿಲ್ಲ. ವಿಮಾನದ ರೇಡಿಯೋ ಮಾತಿನಲ್ಲಿ ಎರಡು ಪದಗಳಿವೆ. 'ರೋಜರ್' ಅಂದರೆ ನೀವು ಹೇಳಿದ್ದು ಪೂರ್ತಿ ಬಂದು ಮುಟ್ಟಿತು ಅಂತ ಅಷ್ಟೇ. 'ವಿಲ್ಕೊ' ಅಂದರೆ ಅರ್ಥವಾಯಿತು, ಹಾಗೇ ಮಾಡುತ್ತೇನೆ ಅಂತ. ಒಂದೇ ಪದದಲ್ಲಿ ಒಪ್ಪಿಗೆ ಮುಗಿಯಿತು. ನನ್ನ ಎರಡು ಸಾಲೂ ವಿಲ್ಕೊ ಜಾತಿಯದು. ಯಾವ ತಾರೀಖಿನ ನೋಟು ಎಂದು ಹೇಳಿರುವುದರಿಂದ, ಅವರು ಆಮೇಲೆ ತಿದ್ದಿ ಇನ್ನೊಂದು ಕಳಿಸಿದ್ದು ನನಗೆ ಮುಟ್ಟದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಗದ ಕೆಲಸ ಇದ್ದರೆ ಅದೊಂದನ್ನೇ ಎತ್ತಿ ಹೇಳಿರುತ್ತೇನೆ, ಅವರ ಕಣ್ಣೂ ನೇರ ಅಲ್ಲಿಗೇ ಹೋಗುತ್ತದೆ. ಹದಿನೈದು ಸಾಲಿನ ನಡುವೆ ಅದು ಹೂತುಹೋಗುತ್ತಿತ್ತು, ಅಲ್ವಾ?

ವಿರೋಧ: ಓದಿದ್ದಾರೆ ಅಂತ ನನಗೆ ಗೊತ್ತಾಗುವುದು ಹೇಗೆ?

ನಾನು ತಂಡದ ಜೊತೆ ಊರೂರು ತಿರುಗುವವಳು. 'ನೋಟಿನಂತೆಯೇ ಸಜ್ಜು' ಎಂಬ ಸಾಲನ್ನು ನೋಟು ಓದಿದವರೂ ಬರೆಯುತ್ತಾರೆ, ಓದದವರೂ ಬರೆಯುತ್ತಾರೆ. ಎರಡೂ ಒಂದೇ ಥರ ಕಾಣುತ್ತವೆ. ನನ್ನ ತಕರಾರು ಇಷ್ಟೇ.

ಒಂದು ಊರಿನಲ್ಲಿ ಆದದ್ದು. ನಮ್ಮ ತೂಗುಮೈಕುಗಳು ಕಂಡೆನ್ಸರ್ ಮೈಕುಗಳು. ದೂರದ ಮಾತನ್ನೂ ಹಿಡಿಯುತ್ತವೆ, ಆದರೆ ಎಲ್ಲ ಮೈಕಿನ ತಂತಿ ಬಂದು ಸೇರುವ ಮಿಕ್ಸರಿನಿಂದಲೇ ಅವಕ್ಕೆ 48 ವೋಲ್ಟ್ ಹರಿಯಬೇಕು. ಅದನ್ನು ಫ್ಯಾಂಟಮ್ ಪವರ್ ಎನ್ನುತ್ತಾರೆ. ನೋಟಿನಲ್ಲಿ ಬರೆದಿದ್ದೆ. ಉತ್ತರ ಚೆನ್ನಾಗಿಯೇ ಬಂತು, ಎಲ್ಲ ಹಾಗೇ ಮಾಡ್ತೇವೆ ಅಂತ. ಸಂಜೆ ನೋಡಿದರೆ ನಾಲ್ಕೂ ಮೈಕು ಮೂಕ. ಅದೇ ಕೇಬಲ್ಲಿಗೆ 48 ವೋಲ್ಟ್ ಬೇಡದ, ಭಾಷಣದ ಸಾದಾ ಡೈನಮಿಕ್ ಮೈಕು ಹಾಕಿದೆ, ಜೋರಾಗಿ ಮಾತಾಡಿತು. ಅಂದರೆ ಕೇಬಲ್ ಸರಿ, ಚಾನೆಲ್ ಸರಿ, 48 ವೋಲ್ಟ್ ಇಲ್ಲ. ಮಿಕ್ಸರ್ ಮೇಲೆ ಆ ಸ್ವಿಚ್ಚೇ ಇರಲಿಲ್ಲ. ಅವರು 'ಮೈಕು ನಾಲ್ಕು' ಎಂಬಲ್ಲಿಗೆ ಓದು ನಿಲ್ಲಿಸಿದ್ದರು. "ಮೈಕಿಗೆ ಮಿಕ್ಸರಿನಿಂದ 48 ವೋಲ್ಟ್ ಕೊಡುತ್ತೇವೆ" ಎಂದು ಅವರ ಕೈಯಲ್ಲೇ ಬರೆಸಿದ್ದರೆ, ಬರೆಯುವಾಗಲಾದರೂ ಮಿಕ್ಸರ್ ಕಡೆ ನೋಡುತ್ತಿದ್ದರು.

ಅಮೆರಿಕದ ವ್ಯಾನ್ ಹ್ಯಾಲನ್ ಎಂಬ ರಾಕ್ ತಂಡ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ಕಿತಾಪತಿ ಮಾಡಿತ್ತು. ಅವರ ಉದ್ದನೆಯ ಒಪ್ಪಂದದೊಳಗೆ ಎಲ್ಲೋ ಒಂದು ಸಾಲು: ಎಂ ಅಂಡ್ ಎಂ ಮಿಠಾಯಿ ಇಡಬೇಕು, ಅದರಲ್ಲಿ ಕಂದು ಬಣ್ಣದ್ದು ಒಂದೂ ಇರಬಾರದು. ಜನ ಇದನ್ನು ಸೊಕ್ಕು ಎಂದುಕೊಂಡರು. ಅದು ಪರೀಕ್ಷೆ ಎಂದು ತಂಡದ ಗಾಯಕ ಡೇವಿಡ್ ಲೀ ರಾತ್ ಆಮೇಲೆ ವಿವರಿಸಿದ. ಬಟ್ಟಲಲ್ಲಿ ಕಂದು ಮಿಠಾಯಿ ಕಂಡರೆ ಒಪ್ಪಂದ ಓದಿಲ್ಲ ಎಂದರ್ಥ, ಆಗ ರಂಗದ ಭಾರ, ವೈರಿಂಗು ಎಲ್ಲವನ್ನೂ ಮೊದಲಿಂದ ತಪಾಸಣೆ ಮಾಡುತ್ತಿದ್ದರಂತೆ. ನನಗೆ ಮಿಠಾಯಿ ಬೇಡ, ಟೀ ಸಿಕ್ಕರೆ ಸಾಕು. ಆದರೆ ಅವರ ಅನುಮಾನ ನನ್ನದೂ ಹೌದು.

ವಿಲ್ಕೊ ಮಾತು ಬಂತಲ್ಲ, ಅದರ ಇನ್ನರ್ಧ ಹೇಳಲಿಲ್ಲ. ರನ್‌ವೇ ನಂಬರು, ಹಾರುವ ಎತ್ತರ ಇಂಥವಕ್ಕೆ ವಿಲ್ಕೊ ನಡೆಯುವುದಿಲ್ಲ. ಪೈಲಟ್ ಅಂಕಿಯನ್ನೇ ತಿರುಗಿ ಹೇಳಬೇಕು, ಕಂಟ್ರೋಲರ್ ಕೇಳಿಸಿಕೊಂಡು ತಪ್ಪಿದ್ದರೆ ತಿದ್ದಬೇಕು. ಎಡಮೂಲೆಯ ಮೈಕಿನ ಕಥೆಯಲ್ಲಿ ತಪ್ಪಿದ್ದು ಈ ಎರಡನೆಯ ಅರ್ಧ. ಪಟ್ಟಿ ಬಂದಿತ್ತು, ತಂಡದವರು ಓದಲಿಲ್ಲ. ಅದು ನಮ್ಮ ಕಡೆಯ ತಪ್ಪು, ಒಪ್ಪುತ್ತೇನೆ.

ಪರದೆಯ ಬಣ್ಣ, ಕುರ್ಚಿಯ ಲೆಕ್ಕ ಎಲ್ಲ ತಿರುಗಿ ಬರೆಯಬೇಡಿ. ಈಗ ನನ್ನ ನೋಟಿನ ಕೊನೆಗೆ ಮೂರೇ ಪ್ರಶ್ನೆ ಇರುತ್ತವೆ: ಮಿಕ್ಸರಿನಲ್ಲಿ ಫ್ಯಾಂಟಮ್ ಇರುವ ಚಾನೆಲ್ ಎಷ್ಟು? ರಂಗಕ್ಕೆ ಕರೆಂಟು ಎಷ್ಟು ಗಂಟೆಗೆ ಬರುತ್ತದೆ? ಜನರೇಟರ್ ಯಾವ ಗೋಡೆಯ ಹಿಂದೆ? ಉತ್ತರದಲ್ಲಿ ಈ ಮೂರು ಇಲ್ಲದೆ 'ಎಲ್ಲ ಸಜ್ಜು' ಎಂದಷ್ಟೇ ಬಂದರೆ, ಆ ಊರಿಗೆ ನಾನು ಒಂದು ದಿನ ಮುಂಚೆಯೇ ಬಸ್ಸು ಹತ್ತುತ್ತೇನೆ.